ಅತ್ತೆಯ ಕೈ ಹಸಿಯಾಗಿರಲಿಲ್ಲ

ನನ್ನ ಅಂಗೈ ಬೆವರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಿದ್ದ ದಿನ ಹೇಳಲಿಲ್ಲ. ಪರೀಕ್ಷೆಯ ಹಾಳೆಯನ್ನು ಒದ್ದೆ ಮಾಡುತ್ತಿದ್ದ ಕೈ ಇದು. ಅಂಥ ಕೈ ಇಟ್ಟುಕೊಂಡು, ಹೊಸಪೇಟೆಯ ಬಿಸಿಲಲ್ಲಿ ಕೂತು, ಮನೆಯಲ್ಲೇ ಕೇಕ್ ಮಾಡಿ ಮಾರುವ ಕೆಲಸ ಹಿಡಿದೆನಲ್ಲ, ನನ್ನ ಬುದ್ಧಿಗಿಷ್ಟು!

ಕ್ರೀಮ್ ಕೇಕ್ ಹೇಗೋ ನಡೆಯುತ್ತಿತ್ತು. ತೊಂದರೆ ಶುರುವಾದದ್ದು ಫಾಂಡೆಂಟ್‌ನಿಂದ. ಸಕ್ಕರೆ ಪುಡಿಯ ಹಿಟ್ಟು ಅದು. ಚೆನ್ನಾಗಿ ನಾದಿ, ದೊಡ್ಡ ಚಪಾತಿಯಂತೆ ಲಟ್ಟಿಸಿ, ಕೇಕಿನ ಮೇಲೆ ಹೊದಿಸಿ, ಒಂದೂ ನೆರಿಗೆ ಬೀಳದಂತೆ ಸವರಬೇಕು. ನನ್ನ ಕೈ ತಾಗಿದರೆ ಸಾಕು, ಅಂಟಂಟಾಗುತ್ತಿತ್ತು. ಅಂಟಿತೆಂದು ಕಾರ್ನ್‌ಫ್ಲೋರ್ ಉದುರಿಸುತ್ತಿದ್ದೆ. ಉದುರಿಸಿದ್ದು ಹೆಚ್ಚಾದರೆ ಒಣಗಿ ಸಣ್ಣ ಸಣ್ಣ ಬಿರುಕು ಬಿಡುತ್ತಿತ್ತು. ಮೊದಲ ಸಲ ತೀರಾ ತೆಳ್ಳಗೆ ಲಟ್ಟಿಸಿ ಹೊದಿಸಿದೆ. ಸುತ್ತಲೂ ಜೋತುಬಿದ್ದ ಅಂಚಿನ ಭಾರಕ್ಕೆ ನೆತ್ತಿ ಪಕ್ಕಕ್ಕೆ ಇಳಿಯುವ ಏಣಿನಲ್ಲಿ ಪರಕ್ಕನೆ ಹರಿಯಿತು. ಎರಡನೆಯ ಸಲ ದಪ್ಪಗೆ ಲಟ್ಟಿಸಿದೆ. ಸೆಕೆ ತಾಳದೆ ಫ್ಯಾನ್ ಹಾಕಿದೆ, ಅಷ್ಟರಲ್ಲಿ ಯಾರದೋ ಫೋನ್ ಬಂತು. ಮಾತು ಮುಗಿಸಿ ಬರುವ ಹೊತ್ತಿಗೆ ಹಾಳೆಯ ಮೇಲೆಲ್ಲ ಸುಕ್ಕು ಕಟ್ಟಿತ್ತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ಬೆರಳಿನಿಂದ ಮುಟ್ಟಿದರು.

"ಇದೇನವ್ವ, ಹಂಪಿ ಗುಡಿ ಆನಿ ಮೈ ಮುಟ್ಟಿದಂಗ ಐತಿ!"

ನನಗೆ ಸಿಟ್ಟಿನಲ್ಲೂ ನಗು ಬಂತು. "ಹೌದ್ರಿ ಅತ್ತಿ, ಇದಕ್ಕ ಆನಿ ಚರ್ಮ ಅಂತಾನ ಅಂತಾರ" ಅಂದೆ.

"ಗಾಳಿ ಬಡದೈತಿ, ಮತ್ತೇನು. ರೊಟ್ಟಿ ಹಿಟ್ಟನ್ನ ಹಿಂಗ ತೆರದಿಟ್ಟು ಮಾತಾಡ್ಕೋತ ಕುಂತ್ರ ಅದೂ ಬಿರೀತೈತಿ. ಸರಿ ಅತ್ಲಾಗ."

ಸರಿದೆ. ಅವತ್ತಿನಿಂದ ಫಾಂಡೆಂಟ್ ನಾದುವ ಕೆಲಸ ಅತ್ತೆಯದಾಯಿತು. ಎಮ್ಮಿಗನೂರಿನ ಹೆಣ್ಣುಮಗಳು. ಭತ್ತದ ಗದ್ದೆಯಲ್ಲಿ ನಾಟಿ ಮಾಡಿದವರು, ನಲವತ್ತು ವರ್ಷ ದಿನಾ ಜೋಳದ ರೊಟ್ಟಿ ತಟ್ಟಿದವರು. ಅವರ ಅಂಗೈ ಒಣಗಿದ ಹಲಗೆಯ ಹಾಗೆ ಬೆಚ್ಚಗೆ, ಒರಟಾಗಿ ಇರುತ್ತಿತ್ತು. ಫಾಂಡೆಂಟಿಗೆ ಅವರಿಟ್ಟ ಹೆಸರು ಸಕ್ರಿ ಕಣಕ. ಸುಕ್ಕು ಕಂಡರೆ ಬೆರಳ ತುದಿಗೆ ಚೂರೇ ಚೂರು ವನಸ್ಪತಿ ತುಪ್ಪ ಹಚ್ಚಿಕೊಂಡು ಗುಂಡಗೆ ತಿಕ್ಕುತ್ತಿದ್ದರು, ಸುಕ್ಕು ಮಾಯ. ಹೊದಿಸುವಾಗ ಮೊದಲು ನೆತ್ತಿ, ಆಮೇಲೆ ಏಣು, ಕೊನೆಗೆ ಪಕ್ಕ. ಜೋತುಬಿದ್ದ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದೇ ಸವರುತ್ತಿದ್ದರು, ಹರಿಯಲು ಬಿಡುತ್ತಲೇ ಇರಲಿಲ್ಲ. ಇದನ್ನು ನನಗೆ ಕಲಿಸಿದ್ದು ಸಂಡೂರಿನಲ್ಲಿ ಕೇಕ್ ಕ್ಲಾಸ್ ನಡೆಸುವ ಟೀಚರ್, ಮೂರು ದಿನ ಹೇಳಿಕೊಟ್ಟಿದ್ದರು. ಅತ್ತೆಗೆ ಯಾರೂ ಕಲಿಸಲಿಲ್ಲ.

ಅವರ ತವರಿನಲ್ಲಿ ಅವರ ಕೈಗುಣಕ್ಕೆ ಹೆಸರಿತ್ತು. ಯಾರ ಮನೆಯ ಹಿಟ್ಟಾದರೂ ಸರಿ, ಅಕ್ಕನ ಕೈ ತಾಗಿದರೆ ರೊಟ್ಟಿ ಉಬ್ಬುತ್ತದೆ ಅನ್ನುತ್ತಿದ್ದರಂತೆ. ಓದು ಬರಹ ಇಲ್ಲದ ಅತ್ತೆಗೆ ಇದ್ದ ಒಂದೇ ಬಿರುದು ಅದು.

ಅವರ ತಂಗಿಯನ್ನು ಕಂಪ್ಲಿಗೆ ಕೊಟ್ಟಿದ್ದಾರೆ. ನನಗೆ ಸಣ್ಣತ್ತಿ. ಆಕೆಯ ಮೊಮ್ಮಗನ ಮೊದಲ ಹುಟ್ಟುಹಬ್ಬ ಮೇ ತಿಂಗಳಲ್ಲಿ ಬಂತು. ಕೇಕ್ ನಮ್ಮ ಮನೆಯಿಂದಲೇ ಹೋಗಬೇಕೆಂದು ಹೇಳಿ ಕಳಿಸಿದರು. ಸುದ್ದಿ ಬಂದ ದಿನ ಅತ್ತೆ ನನ್ನ ಬಳಿ ಬಂದರು.

"ಈ ಕೇಕಿಗೆ ಪೂರಾ ನಾನಾ ಹೊದಿಸ್ಲೇನವ್ವ?"

"ಹೊದಿಸ್ರಿ, ಅದಕ್ಕೇನು."

"ಅಲ್ಲಿ ಹೋದ ಮ್ಯಾಲೆ ನೀನಾ ಹೇಳು, ನಮ್ಮ ಅತ್ತಿ ಮಾಡಿದ್ದು ಅಂತ. ನಾ ಹೇಳ್ಕೊಂಡ್ರ ಮುದುಕಿಗೆ ಜಂಬ ಅಂತಾರ. ತವರು ಮಂದಿ ಎಲ್ಲಾ ಬಂದಿರ್ತಾರ."

"ಮೈಕ್ ಹಿಡದು ಹೇಳ್ತೀನಿ" ಅಂದೆ. ಅವರು ನಾಚಿಕೊಂಡು ಒಳಗೆ ಹೋದರು.

ಹುಟ್ಟುಹಬ್ಬದ ಹಿಂದಿನ ದಿನ ಅತ್ತೆ ಸ್ನಾನ ಮಾಡಿ, ಬಳೆ ತೆಗೆದಿಟ್ಟು ಕೂತರು. ಫ್ಯಾನ್ ಆರಿಸಿದೆವು. ಚಾಕೊಲೇಟ್ ಲೇಪ ಹಚ್ಚಿದ ಕೇಕಿನ ಮೇಲೆ ಫಾಂಡೆಂಟಿನ ಬಿಳಿ ಹಾಳೆ ಹೊದಿಸಿದರು. ಹಣೆಯ ಬೆವರು ಕೇಕಿಗೆ ತೊಟ್ಟಿಕ್ಕದಿರಲೆಂದು ನಾನು ಪಕ್ಕದಲ್ಲಿ ಕೂತು ಅವರ ಹಣೆ ಒರೆಸುತ್ತಿದ್ದೆ. ಒಂದು ಕಡೆ ಏಣಿನಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿತು. ಗಾಬರಿಯಾಗದೆ ಎರಡೂ ಬದಿಯಿಂದ ಮೆಲ್ಲಗೆ ಕೂಡಿಸಿ, ಅಂಗೈ ಬಿಸುಪಿನಲ್ಲಿ ತಿಕ್ಕಿ ಮುಚ್ಚಿದರು. ಬುಡದ ಸುತ್ತ ಕೆಂಪು ಫಾಂಡೆಂಟಿನ ಸೀರೆ ಅಂಚು, ಅದರಲ್ಲಿ ಸಣ್ಣ ಸಣ್ಣ ಗೋಪುರ, ನೆತ್ತಿಯ ಮೇಲೆ ಒಂದು ಕೆಂಪು ಹೂವು. ಅಂಚಿನ ಯೋಚನೆಯೂ ಅವರದೇ. ಸತ್ಯ ಹೇಳಬೇಕೆಂದರೆ, ನನ್ನ ಕೈಯಿಂದ ಇವತ್ತಿಗೂ ಅಂಥ ಕೇಕ್ ಆಗಿಲ್ಲ. ನನಗೆ ಅವತ್ತು ಸಣ್ಣ ಹೊಟ್ಟೆಕಿಚ್ಚು ಆಗಿತ್ತು ಅನ್ನುವುದನ್ನೂ ಬಚ್ಚಿಡುವುದಿಲ್ಲ.

ಮೇ ತಿಂಗಳ ಝಳಕ್ಕೆ ಚಾಕೊಲೇಟ್ ಕರಗೀತೆಂದು ಕೇಕನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ಮರುದಿನ ಕಾರಿನಲ್ಲಿ ಎಸಿ ಹಾಕಿಕೊಂಡು ಕಂಪ್ಲಿ ಮುಟ್ಟಿದೆವು. ಮಧ್ಯಾಹ್ನ ಮಳೆ ಬಿದ್ದು ನಿಂತಿತ್ತು, ಗಾಳಿಯೆಲ್ಲ ನೀರು. ತಣ್ಣಗಿನ ಡಬ್ಬಿಯನ್ನು ಅಂಥ ಹವೆಯಲ್ಲಿ ಕೂಡಲೇ ಬಿಚ್ಚಬಾರದು, ಹೊರಗಿನ ಬಿಸಿಗೆ ಹೊಂದಿಕೊಳ್ಳುವ ತನಕ ಮುಚ್ಚಿಯೇ ಇಡಬೇಕು. ನೀರಿನ ಹನಿ ಕೂರುವುದಾದರೆ ಡಬ್ಬಿಯ ಮೇಲೆ ಕೂರಲಿ, ಕೇಕಿನ ಮೇಲಲ್ಲ. ಟೀಚರ್ ಮೊದಲ ದಿನವೇ ಹೇಳಿದ ಪಾಠ ಇದು. ಗೊತ್ತಿತ್ತು ನನಗೆ.

ಆದರೆ ಸಣ್ಣತ್ತಿ ಕೈ ಹಿಡಿದು ಎಳೆದರು. "ತಗೀಯವ್ವ ಜಲ್ದಿ, ನೋಡೋಣು!" ಸುತ್ತ ಇಪ್ಪತ್ತು ಜನ, ಎಲ್ಲರ ಕೈಯಲ್ಲೂ ಮೊಬೈಲ್. ತೆಗೆದುಬಿಟ್ಟೆ.

"ಅಯ್ಯಯ್ಯ, ಏನ್ ಮಸ್ತ್ ಐತಿ!" "ಪ್ಯಾಟಿ ಬೇಕರಿಯಾಗೂ ಹಿಂಗ ಮಾಡಂಗಿಲ್ಲ!" "ಸೊಸಿ ಕೈ ಬಂಗಾರ ಬಿಡು ಅಕ್ಕ. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ!"

ಅತ್ತೆ ಕಂಬದ ಪಕ್ಕದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ. ಹೇಳೋಣ, ಇನ್ನೊಂದು ಫೋಟೋ ಆಗಲಿ ಅಂದುಕೊಂಡೆ. ಹೊಗಳಿಕೆ ಎಂಥ ರುಚಿ ನೋಡಿ, ಪರರದ್ದಾದರೂ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಾ ನಿಂತೆ.

ಅಷ್ಟರಲ್ಲಿ ಕೇಕ್ ಬೆವರತೊಡಗಿತು. ಮೊದಲು ಬರೀ ಹೊಳಪು. ಆಮೇಲೆ ಸಾಸಿವೆ ಕಾಳಿನಂಥ ಹನಿಗಳು. ಮುಟ್ಟದೆ ಬಿಟ್ಟು, ಒಣ ಗಾಳಿ ಆಡಿಸಿದರೆ ತಾನಾಗಿ ಆರುತ್ತದೆ. ನಾನು ಮಾಡಿದ್ದೇನು? ಮೂಲೆಯಲ್ಲಿದ್ದ ದೊಡ್ಡ ಕೂಲರನ್ನು ಎಳೆಸಿ, ಕೇಕಿನ ಮುಖಕ್ಕೇ ತಿರುಗಿಸಿದೆ. ಹತ್ತು ನಿಮಿಷದಲ್ಲಿ ಹನಿಗಳು ಒಂದಕ್ಕೊಂದು ಕೂಡಿಕೊಂಡವು. ನೆತ್ತಿಯ ಕೆಂಪು ಹೂವು ಬಣ್ಣ ಬಿಟ್ಟು ಬಿಳಿಯ ಮೇಲೆ ಗೆರೆಗೆರೆಯಾಗಿ ಇಳಿಯಿತು. ಅಂಚಿನ ಗೋಪುರಗಳು ಅಂಟಿಕೊಂಡು ಒಂದೇ ಮುದ್ದೆಯಾದವು.

"ಏನವ್ವ ಇದು, ಕೇಕ್ ಅಳಾಕತ್ತೈತಲ್ಲ?" ಅಂದರು ಸಣ್ಣತ್ತಿ. ಎಲ್ಲರೂ ನನ್ನ ಕಡೆ ತಿರುಗಿದರು.

ಆಗ ನನ್ನ ಬಾಯಿಂದ ಆ ಮಾತು ಬಂತು. ಕೊಟ್ಟ ಮಾತೇ, ಬೇರೆಯದಲ್ಲ. "ಇದು ನಾ ಮಾಡಿದ್ದಲ್ಲರಿ ಸಣ್ಣತ್ತಿ. ನಮ್ಮ ಅತ್ತಿ ಮಾಡಿದ್ದು." ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ನಿಲ್ಲಿಸಲಿಲ್ಲ. "ಅವ್ರ ಕೈ ಹಸಿ. ಒರಸ್ಕೊಂಡು ನಾದ್ರಿ ಅಂತ ಎಷ್ಟು ಹೇಳಿದ್ರೂ ಕೇಳಂಗಿಲ್ಲ."

ಜನ ನಕ್ಕರು. ಕೆಟ್ಟ ನಗು ಅಲ್ಲ, ಹಬ್ಬದ ಮನೆಯ ನಗು. "ಅಕ್ಕಾ, ರೊಟ್ಟಿ ಬಿಟ್ಟು ನಿನಗ್ಯಾಕ ಬೇಕಿತ್ತು ಈ ಉಸಾಬರಿ?" ಅಂದರು ಯಾರೋ. ಅತ್ತೆ ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಆಮೇಲೆ ಸೆರಗಿಗೆ ಒರೆಸಿಕೊಂಡರು. ಒಣಗಿದ್ದ ಕೈಯನ್ನು ಒರೆಸಿಕೊಂಡರು.

ಮರುದಿನ ಸಂಡೂರಿಗೆ ಫೋನ್ ಮಾಡಿದೆ. ಟೀಚರ್ ಪೂರ್ತಿ ಕೇಳುವ ಮೊದಲೇ ಬೈದರು. "ಕೂಲರ್ ಹಚ್ಚಿದೇನವಾ? ಅದು ನೀರು ಕುಡುದು ನೀರಾ ಉಗುಳ್ತೈತಿ! ಬೆವತ ಕೇಕಿಗೆ ಇನ್ನಷ್ಟು ಹಸಿಗಾಳಿ ಹೊಡದೀಯಲ್ಲ." ಫೋನ್ ಇಟ್ಟೆ. ಡಬ್ಬಿ ಬಿಚ್ಚಿದವಳು ನಾನು, ಕೂಲರ್ ತಿರುಗಿಸಿದವಳು ನಾನು, ಬೆವರುವ ಕೈಯೂ ನನ್ನದೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅತ್ತೆಯ ಕೈ ಡೊಂಕು ಅಂದೆ.

ಅತ್ತೆಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತಾ ಕೇಳಿದರು.

"ಇದನ್ನ ಅಲ್ಲೇ ಹೇಳಬೇಕಿತ್ತಲ್ಲವ್ವ" ಅಂದರು, ಅಷ್ಟೇ.

"ಈಗ ಸಣ್ಣತ್ತಿಗೆ ಫೋನ್ ಹಚ್ಲೇನ್ರಿ?"

"ಬ್ಯಾಡ ಬಿಡು. ಹೋತು."

ಅವರು ಬ್ಯಾಡ ಅಂದಾಗ ನನಗೆ ಹಗುರಾಯಿತು. ಇಡೀ ಕಥೆಯಲ್ಲಿ ನನಗೆ ಹೆಚ್ಚು ನಾಚಿಕೆಯಾಗುವುದು ಆ ಹಗುರಕ್ಕೆ. ಅತ್ತೆ ಮತ್ತೆ ಫಾಂಡೆಂಟ್ ಮುಟ್ಟಲಿಲ್ಲ. ಕರೆದರೆ, "ನನ್ನ ಕೈ ಹಸಿ ಐತವ್ವ" ಅನ್ನುತ್ತಿದ್ದರು. ಚುಚ್ಚಲೆಂದು ಅಂದ ಮಾತಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಿಜವೆಂದು ನಂಬಿ ಅನ್ನುತ್ತಿದ್ದರು.

ವರ್ಷ ತಿರುಗಿ ಸಣ್ಣತ್ತಿ ನಮ್ಮ ಮನೆಗೆ ಬಂದರು, ಜೊತೆಗೆ ಎಮ್ಮಿಗನೂರಿನ ನಾಲ್ಕು ಜನ. ಅತ್ತೆ ರೊಟ್ಟಿ ತಟ್ಟಿದರು. ತಟ್ಟೆಗೆ ಹಾಕುವ ಮೊದಲು ಪ್ರತಿ ಸಲ ಸೆರಗಿಗೆ ಕೈ ಒರೆಸಿಕೊಳ್ಳುವುದನ್ನು ಕಂಡು ಸಣ್ಣತ್ತಿ ನಕ್ಕರು. "ಇನ್ನೂ ಹಸಿ ಐತೇನಕ್ಕ ಕೈ?"

ಇನ್ನು ತಡೆಯಲಾಗಲಿಲ್ಲ. ಎಲ್ಲರ ಮುಂದೆ ಎದ್ದು ನಿಂತೆ. "ಸಣ್ಣತ್ತಿ, ಅವತ್ತು ತಪ್ಪು ನಂದು. ತಣ್ಣನ ಡಬ್ಬಿ ಬಿಚ್ಚಿದಾಕಿ ನಾನು, ಕೂಲರ್ ಹಚ್ಚಿದಾಕಿ ನಾನು. ಅತ್ತಿ ಕೈ ಒಣಗೇ ಇತ್ತು. ನಾ ಸುಳ್ಳು ಹೇಳಿದ್ದೆ" ಅಂದೆ.

ಸಣ್ಣತ್ತಿ ನನ್ನ ಗದ್ದ ಹಿಡಿದು ಲಟಿಕೆ ಮುರಿದರು.

"ನೋಡ್ರಿ, ನೋಡ್ರಿ. ಅತ್ತಿ ತಪ್ಪನ್ನ ತನ್ನ ಮ್ಯಾಲೆ ಹಾಕ್ಕೊಳ್ಳೋ ಸೊಸಿ ಈಗಿನ ಕಾಲದಾಗ ಎಲ್ಲಿ ಸಿಗ್ತಾಳ? ಪುಣ್ಯ ಮಾಡಿದ್ದಿ ಬಿಡಕ್ಕ ನೀನು."

ಎಲ್ಲರೂ ಹೌದೌದೆಂದರು. ನಾನು ಅಲ್ಲರಿ, ಅಲ್ಲರಿ ಅಂದಷ್ಟೂ ಅವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿತು. ಅತ್ತೆ ಒಲೆಯ ಮುಂದಿನಿಂದ ನನ್ನ ಕಡೆ ಒಮ್ಮೆ ನೋಡಿದರು, ಸಣ್ಣಗೆ ನಕ್ಕರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ನನ್ನ ತಟ್ಟೆಗೂ ಒಂದು ರೊಟ್ಟಿ ಹಾಕಿದರು.