ಮೂರನೇ ಪ್ಯಾರಾದ ಅತ್ತೆ

ನಮ್ಮ ಕಾಲೇಜಿನಲ್ಲಿ ಬರವಣಿಗೆಗೆ ಸಹಾಯ ಕೇಳಿ ಬರುವವರಿಗೆಂದು ಒಂದು ಕೊಠಡಿ ಇದೆ. ಅಲ್ಲಿ ಒಂದು ಮೇಜು ನನ್ನದು, ಇನ್ನೊಂದು ಕತ್ತರಿ ಮೇಡಂ ಅವರದು. ಆ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಅವರು ಕರಡಿನ ನಕಲನ್ನು ಒಂದೊಂದೇ ವಾಕ್ಯವಾಗಿ ಕತ್ತರಿಸಿ, ಚೀಟಿಗಳನ್ನು ಮೇಜಿನ ಮೇಲೆ ಹರಡಿ, "ಯಾವುದು ಯಾವುದರ ಜೊತೆ ಕೂರತ್ತೆ, ನೀನೇ ಜೋಡ್ಸು" ಎನ್ನುತ್ತಾರೆ. ಜಪ್ಪಯ್ಯ ಅಂದರೂ ಒಂದಕ್ಷರ ತಾವಾಗಿ ಬರೆದುಕೊಡುವುದಿಲ್ಲ.

ಅವರದು ಅರ್ಧ ಹೊತ್ತಿನ ಕೆಲಸ. ಪೂರ್ತಿ ಹೊತ್ತಿನದು ಕೈಗೆ ಬಂದಿತ್ತು, ಅಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು. ತಮ್ಮಂದಿರಿಬ್ಬರಿಗೂ ಸಂಸಾರವಿತ್ತು, ಇವರಿಗಿರಲಿಲ್ಲ. ಚರ್ಚೆಯೇ ಆಗಲಿಲ್ಲ. ವರ್ಷಗಟ್ಟಲೆ ತಾಯಿಯನ್ನು ಎತ್ತಿ, ಒರೆಸಿ, ಮಗ್ಗುಲು ತಿರುಗಿಸಿ ಸಾಕಿದರು. ತಾಯಿ ತೀರಿಕೊಂಡಾಗ ನಾನೂ ಹೋಗಿದ್ದೆ. ದೊಡ್ಡ ತಮ್ಮ ಬಂದವರಿಗೆಲ್ಲ, "ನಾವೆಲ್ಲ ಸೇರಿ ನೋಡ್ಕೊಂಡ್ವಿ" ಎನ್ನುತ್ತಿದ್ದ. ಇವರು ಎಲ್ಲರಿಗೂ ನೀರು ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ದೊಡ್ಡ ತಮ್ಮನ ಮಗಳು ನಮ್ಮಲ್ಲೇ ಸಮಾಜಶಾಸ್ತ್ರ ಓದುತ್ತಾಳೆ. ಕುಟುಂಬದಲ್ಲಿ ಆರೈಕೆಯ ದುಡಿಮೆ ಕುರಿತು ಪ್ರಬಂಧ ಬರೆಯಬೇಕಿತ್ತು. ಕರಡು ಹಿಡಿದು ಅತ್ತೆಯ ಮುಂದೆ ಬಂದು ಕೂತಳು. ಮೂರನೇ ಪ್ಯಾರಾದ ಪಕ್ಕದಲ್ಲಿ ಮೇಷ್ಟ್ರು ಬರೆದಿದ್ದರು: ಮೊದಲ ವಾಕ್ಯದಲ್ಲಿ ವಾದವಿಲ್ಲ, ಉಳಿದವು ದಿಕ್ಕಿಗೊಂದು.

"ಕುಟುಂಬವು ಸಮಾಜದ ಬಹುಮುಖ್ಯ ಸಂಸ್ಥೆ," ಎಂದು ಅತ್ತೆ ಮೊದಲ ವಾಕ್ಯ ಓದಿದರು. "ಇದನ್ನ ಇಲ್ಲ ಅನ್ನೋರು ಯಾರಿದಾರೆ ಪುಟ್ಟಿ? ಇದನ್ನ ಯಾವ ಪ್ಯಾರಾದ ತಲೆ ಮೇಲೆ ಇಟ್ರೂ ನಡೆಯತ್ತೆ. ಈ ಪ್ಯಾರಾ ಏನು ಹೇಳತ್ತೆ, ಅದನ್ನ ಹೇಳು."

ಹುಡುಗಿ ಪೆನ್ನು ಕಚ್ಚಿ ಕಚ್ಚಿ ಕೊನೆಗೆ ಬರೆದಳು: ಮನೆಯಲ್ಲಿ ರೋಗಿಯ ಆರೈಕೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಅಪ್ಪನ ಮಾತು ಮಗಳ ಬಾಯಲ್ಲಿ ಹಾಗೆಹಾಗೇ ಬಂತು.

ಕತ್ತರಿ ಮೇಡಂ ಮುಖ ಬದಲಾಗಲಿಲ್ಲ. ಚೀಟಿಗಳನ್ನು ಆ ವಾಕ್ಯದ ಕೆಳಗೆ ಜೋಡಿಸಲು ಹೇಳಿದರು. ಕುಟುಂಬ ಎಂದರೇನು ಎಂಬ ಚೀಟಿ ಪೀಠಿಕೆಗೆ ಹೋಯಿತು. ವೃದ್ಧಾಶ್ರಮಗಳ ಕುರಿತದ್ದು ಮುಂದಿನ ಪ್ಯಾರಾಕ್ಕೆ. ಔಷಧಿಗೆ ಹಣ ಕೊಟ್ಟ ಮಗ, ಭಾನುವಾರ ಬಂದು ನೋಡಿಹೋಗುವ ಮಗ, ಊಟ ಕಳಿಸುವ ಸೊಸೆ, ಇವು ಸಲೀಸಾಗಿ ಕೂತವು. ನಾಲ್ಕು ಚೀಟಿ ಉಳಿದವು. ಒಬ್ಬ ಮಗಳು ಕೈಗೆ ಬಂದ ಕೆಲಸ ಬಿಟ್ಟದ್ದು. ಮಂಚದ ಪಕ್ಕ ನೆಲದಲ್ಲಿ ಮಲಗುತ್ತಿದ್ದದ್ದು. ದಿನವೂ ಹಾಸಿಗೆ ಒಗೆದದ್ದು. ಅವಳ ಬಗ್ಗೆ ಯಾರೂ ಕೇಳದಿದ್ದದ್ದು.

"ಇವು ಎಲ್ಲಿ ಕೂರ್ತವೆ?"

ಹುಡುಗಿ ನಾಲ್ಕನ್ನೂ ಮೇಜಿನ ಅಂಚಿಗೆ ಸರಿಸಿದಳು.

"ಎರಡು ದಾರಿ ಇದೆ," ಅಂದರು ಅತ್ತೆ. "ಮೇಲಿನ ವಾಕ್ಯ ಬದಲಾಯಿಸು, ಇಲ್ಲ ಚೀಟಿ ತೆಗಿ. ಆದ್ರೆ ಕಣ್ಣಾರೆ ಕಂಡಿದ್ದನ್ನ ತೆಗೆದ್ರೆ ಪ್ಯಾರಾ ಒಂದಾಗತ್ತೆ, ಪ್ರಬಂಧ ಸುಳ್ಳಾಗತ್ತೆ."

ಹುಡುಗಿ ಮೇಲಿನ ವಾಕ್ಯ ಹೊಡೆದುಹಾಕಿ ಮತ್ತೆ ಬರೆದಳು: ಎಲ್ಲರೂ ಹಂಚಿಕೊಳ್ಳುತ್ತೇವೆ ಎನ್ನುವ ಮನೆಯಲ್ಲೂ ಆರೈಕೆಯ ಭಾರ ಬೀಳುವುದು ಒಬ್ಬಳ ಮೇಲೆಯೇ. ಈಗ ಎಲ್ಲ ಚೀಟಿಗಳೂ ಕೂತವು, ಅಪ್ಪ ಔಷಧಿಗೆ ಕೊಟ್ಟ ಹಣವೂ, ಅತ್ತೆ ಒಗೆದ ಹಾಸಿಗೆಯೂ.

ಅವತ್ತು ಮೇಡಂ ಮನೆಗೆ ಹೊರಡುವಾಗ, "ಹುಡುಗಿ ಎಲ್ಲಾನೂ ನೋಡಿದಾಳೆ ಕಣ್ರೀ" ಎಂದರು. ಇಷ್ಟು ವರ್ಷದಲ್ಲಿ ಅವರ ದನಿ ಅಷ್ಟು ಹಗುರಾಗಿದ್ದನ್ನು ನಾನು ಕೇಳಿರಲಿಲ್ಲ. ಮನೆಯವರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಲಿ ಎಂದು ಆ ಜೀವ ಎಷ್ಟು ಕಾದಿತ್ತೋ!

ಮುಂದಿನ ವಾರ ಹುಡುಗಿ ಕೊನೆಯ ಪ್ರತಿ ತಂದಳು. ಮೂರನೇ ಪ್ಯಾರಾ ಮತ್ತೆ "ಎಲ್ಲರೂ ಹಂಚಿಕೊಳ್ಳುತ್ತಾರೆ" ಎಂದೇ ಶುರುವಾಗಿತ್ತು. ನಾಲ್ಕು ವಾಕ್ಯಗಳೂ ಮಾಯ.

"ಅಪ್ಪ ಓದಿದ್ರು ಅತ್ತೆ. ಊಟ ಅರ್ಧಕ್ಕೇ ಬಿಟ್ಟು ಎದ್ದು ಹೋದ್ರು. ಮೂರು ದಿನ ಮಾತೇ ಆಡ್ಲಿಲ್ಲ." ಅವಳ ಕಣ್ಣಲ್ಲಿ ನೀರಿತ್ತು. "ಈಗ ಎಲ್ಲಾ ಒಂದೇ ವಿಷಯ ಆಗಿದೆ, ಅಲ್ವಾ?"

ಮೇಡಂ ಪ್ರತಿಯೊಂದು ವಾಕ್ಯವನ್ನೂ ಮೊದಲನೆಯದರ ಜೊತೆ ಇಟ್ಟು ಓದಿದರು. ಕೆಲಸದಲ್ಲಿ ಅವರು ಯಾರಿಗೂ ಮೋಸ ಮಾಡಿದವರಲ್ಲ.

"ಹೂಂ. ಎಲ್ಲಾ ಕೂತಿದೆ. ಆದ್ರೆ ನಾನು ಆವತ್ತು ಹೇಳಿದ್ದು ನಿಂಗೆ ನೆನಪಿದೆ."

"ನೆನಪಿದೆ," ಎಂದು ಹುಡುಗಿ ಹಾಳೆಗಳನ್ನು ಎತ್ತಿಕೊಂಡು ಹೋದಳು. ನಾನು ತಡೆಯಲಾರದೆ, "ಗಟ್ಟಿಯಾಗಿ ಬೈಬಾರ್ದಿತ್ತಾ?" ಎಂದೆ. "ಅವಳು ಆ ಮನೇಲೇ ಊಟ ಮಾಡ್ಬೇಕಲ್ರೀ" ಎಂದರು.

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಮೂರನೇ ಪ್ಯಾರಾ ಅಚ್ಚುಕಟ್ಟಾಗಿದೆ ಎಂದು ಮೇಷ್ಟ್ರು ಬರೆದರಂತೆ. ಆ ಸಂಜೆಯೇ ತಮ್ಮನ ಫೋನು. ಅವನ ದನಿ ನನ್ನ ಮೇಜಿಗೂ ಕೇಳುವಷ್ಟು ಜೋರಾಗಿತ್ತು.

"ಅಕ್ಕಾ, ನೋಡಿದ್ಯಾ? ಕೊನೇ ಪುಟದಲ್ಲಿ ನಿಂಗೂ ಥ್ಯಾಂಕ್ಸ್ ಹಾಕಿದಾಳೆ, ಭಾಷೆ ತಿದ್ದಿಕೊಟ್ಟಿದ್ದಕ್ಕೆ. ನಾನೇ ಹಾಕು ಅಂದೆ. ಇನ್ಮೇಲೆ ಈ ಮನೆಗೆ ನೀನು ಏನೂ ಮಾಡ್ಲಿಲ್ಲ ಅಂತ ಯಾರೂ ಅನ್ನಂಗಿಲ್ಲ ನೋಡು."