‘ಬಿಡ್ರಿ’ ಅನ್ನುವ ಮಾತು ತಡವಾದ ದಿನ

ಅಲ್ಲ ನಾಗರತ್ನಾ, ‘ನರ್ಗೀಸಳ ದನಿ ಚೆಂದ’ ಅಂತ ಒಂದೇ ಸಾಲು ಬರೆದು ಮುಗಿಸಿಬಿಟ್ಟರೆ ಹೇಗೆ? ಹೊಡೆದುಹಾಕು ಅದನ್ನು. ಆ ದನಿ ಎಲ್ಲಿಂದ ಬಂತು ಅನ್ನುವುದನ್ನು ಬರಿ. ನಾನು ನಿಧಾನ ಹೇಳುತ್ತೇನೆ, ಮೊಮ್ಮಗಳೇ, ನೀನೂ ನಿಧಾನ ಬರಿ.

ಇಳಕಲ್ಲಿನ ಈ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನರ್ಗೀಸಳ ಅಪ್ಪ ಯಾಕೂಬಸಾಬ ಮೂವತ್ತು ವರ್ಷ ಗ್ರಾನೈಟ್ ಕೊಯ್ದು ಪಾಲಿಶ್ ಮಾಡಿದವನು. ಆ ಕಲ್ಲಿನ ಧೂಳು ಎದೆಯೊಳಗೆ ಹೋಗಿ ಕೂತಿದೆ. ಕೂತದ್ದು ಹೊರಗೆ ಬರುವುದಿಲ್ಲವಂತೆ. ಅವನನ್ನು ಜೋರಾಗಿ ನಗಿಸಿದರೂ ಕೆಮ್ಮು, ಹೆದರಿಸಿದರೂ ಕೆಮ್ಮು. ಹಾಗಾಗಿ ಆ ಮನೆಯಲ್ಲಿ ಯಾರೂ ಕೂಗಿ ಮಾತಾಡಿದ್ದಿಲ್ಲ. ತಾಯಿಯಿಲ್ಲದ ಹುಡುಗಿ ಹಾಗೆಯೇ ಬೆಳೆದಳು. ಪಾತ್ರೆ ಇಟ್ಟರೆ ಸಪ್ಪಳವಿಲ್ಲ, ಮಾತಾಡಿದರೆ ಗಾಳಿ ಅಲುಗದು. ನಾನು ಮಗ್ಗದಲ್ಲಿ ಕೂತಾಗ ಬಾಗಿಲಲ್ಲಿ ನಿಂತು, “ಅವ್ವಾರ, ಒಂದ್ ತಾಸು ನಿಲ್ಲಸ್ತೀರೇನ್ರಿ? ಅಬ್ಬಾ ಈಗ ಮಲಗ್ಯಾರ” ಅನ್ನುತ್ತಿದ್ದಳು. ನಾನು ನಿಲ್ಲಿಸುತ್ತಿದ್ದೆ. ಬೇರೆ ಯಾರಾದರೂ ಅಂದಿದ್ದರೆ ಇನ್ನೂ ಜೋರಾಗಿ ನೇಯುತ್ತಿದ್ದೆ, ನನ್ನ ಗುಣ ನಿನಗೆ ಗೊತ್ತಲ್ಲ.

ದೊಡ್ಡವಳಾದ ಮೇಲೆ ಹುನಗುಂದದಲ್ಲಿ ಎದೆ ಡಾಕ್ಟರ ದವಾಖಾನೆಗೆ ಕೆಲಸಕ್ಕೆ ಸೇರಿದಳು. ಅಲ್ಲಿಗೆ ಬರುವವರಲ್ಲಿ ಅರ್ಧ ಜನ ಅವಳ ಅಪ್ಪನ ಹಾಗೆ ಕಲ್ಲು ಕೊಯ್ದವರೇ. ಉಸಿರು ಸಿಗದಿದ್ದಾಗ ಅವರಿಗೆ ಅಂಜಿಕೆ ಬರುತ್ತದೆ, ಅಂಜಿದಷ್ಟೂ ಉಸಿರು ಇನ್ನೂ ಕಟ್ಟುತ್ತದೆ. ಅದಕ್ಕೇ ಡಾಕ್ಟರು, “ನರ್ಗೀಸ, ನಿನ್ನ ದನಿಯೊಳಗ ಒಂದ್ ಧ್ಯಾನದ ವಿಡಿಯೋ ಮಾಡು. ಇವರು ಮನ್ಯಾಗ ಕೇಳಿ ಸಮಾಧಾನ ಆಗ್ಲಿ” ಅಂದರು.

ಬರೆದಳು ನೋಡು! ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಎಡಕ್ಕೆ ಬಾದಾಮಿಯ ಅಗಸ್ತ್ಯತೀರ್ಥದ ಕೆರೆ, ಕೆಂಪು ಬಂಡೆಯ ನೆರಳು, ಅಲುಗದ ನೀರು. ಬಲಕ್ಕೆ ಮಾತು, ಒಂದೊಂದು ಮಾತಿನ ಮುಂದೆ ಎಷ್ಟು ಸೆಕೆಂಡು ಸುಮ್ಮನಿರಬೇಕು ಅನ್ನುವ ಅಂಕಿ. ಮೂಗಿನಿಂದ ತೆಗೆದುಕೊಳ್ಳುವುದು ಎರಡು. ತುಟಿ ಸಣ್ಣಗೆ ಮಾಡಿ, ಬಸಿಯಲ್ಲಿನ ಬಿಸಿ ಚಹಾ ಊದಿದ ಹಾಗೆ ಬಿಡುವುದು ನಾಲ್ಕು. ನಡುವೆ ಹಿಡಿಯುವುದು ಇಲ್ಲವೇ ಇಲ್ಲ. “ಎದಿ ಕೆಟ್ಟವರಿಗೆ ಉಸಿರು ಹಿಡಿಸಬಾರ್ದು” ಅಂತ ಡಾಕ್ಟರು ಗಡಿಯಾರ ಹಿಡಿದು ನೋಡಿ ಒಪ್ಪಿದ್ದರು.

ಮದುವೆ ವಿಡಿಯೋ ಮಾಡುವ ಮತೀನ ಧ್ವನಿ ತೆಗೆದುಕೊಂಡ. ದನಿ ಗೋಡೆಗೆ ಬಡಿದು ಮರಳಬಾರದು ಅಂತ ಹಳೆ ಸೀರೆ ಹೊಲಿದು ಮಾಡಿದ ನನ್ನ ನಾಲ್ಕೂ ಕೌದಿ ಒಯ್ದು ಗೋಡೆಗೆ ಕಟ್ಟಿದ್ದ. ಒಂದು ಇನ್ನೂ ವಾಪಸು ಬಂದಿಲ್ಲ, ಇರಲಿ. ಬಾದಾಮಿಗೂ ಅವನೇ ಹೋಗಿ ಕೆರೆಯನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಬಂದ. ವಿಡಿಯೋ ತಯಾರಾಯಿತು. ನರ್ಗೀಸ ಮೊದಲ ಒಂದು ನಿಮಿಷ ಕೇಳಿದಳು, ಅಲ್ಲಿ ಬರೀ ಕೆರೆಯ ಮಾತು. ಆಮೇಲೆ, “ನನ್ನ ದನಿ ನಾನ ಕೇಳಾಕ ನಾಚಿಕಿ ಆಗ್ತದವ್ವಾರ” ಅಂತ ನಕ್ಕು, ದವಾಖಾನೆಯ ಹದಿನಾಲ್ಕು ಮಂದಿ ರೋಗಿಗಳ ಫೋನಿನ ಗುಂಪಿಗೆ ಕಳಿಸಿಬಿಟ್ಟಳು.

ಮರುದಿನ ಆದಿತ್ಯವಾರ, ಹತ್ತು ಗಂಟೆ ಇರಬೇಕು. ಯಾಕೂಬಸಾಬ ಪಡಸಾಲೆಯಲ್ಲಿ ಫೋನು ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ. ನಾನು ಒಂದು ಬಟ್ಟಲು ಸಜ್ಜಿಹಿಟ್ಟು ಕೇಳಲು ಹೋಗಿದ್ದೆ. ಫೋನಿನಲ್ಲಿ ಮಗಳು “ಉಸುರು ತಗೋರಿ” ಅಂದಳು. ಅವನು ತೆಗೆದುಕೊಂಡ. ಆಮೇಲೆ ಮಾತಿಲ್ಲ. ನೀರು, ಬಂಡೆ, ನೀರು. ಅವನ ಹೆಗಲು ಕಿವಿಯ ತನಕ ಏರಿತು. ಕುತ್ತಿಗೆಯ ನರ ಹುರಿಯಂತೆ ನಿಂತವು. ತುಟಿ ಬೂದಿ ಬಣ್ಣಕ್ಕೆ ತಿರುಗಿತು.

“ಯಾಕೂಬಣ್ಣ, ಬಿಡೋ! ಉಸುರು ಬಿಡು!”

ಅವನು ಕೈ ಎತ್ತಿ ಅಲ್ಲಾಡಿಸಿದ, ತಡಿ ಅನ್ನುವ ಹಾಗೆ. ಮಗಳು ಇನ್ನೂ ಹೇಳಿಲ್ಲವಲ್ಲ! ನನ್ನ ಕೈಯಿಂದ ಬಟ್ಟಲು ಬಿತ್ತು. ನರ್ಗೀಸ ಒಳಗಿನಿಂದ ಓಡಿ ಬಂದಳು. ಆ ಹೊತ್ತಿಗೆ ಫೋನಿನೊಳಗಿನ ನರ್ಗೀಸ ಮೆಲ್ಲಗೆ “ಬಿಡ್ರಿ” ಅಂದಳು. ಅವನು ಬಿಟ್ಟ. ಬಿಟ್ಟವನಿಗೆ ಮತ್ತೆ ಎಳೆದುಕೊಳ್ಳಲು ಆಗಲಿಲ್ಲ.

ಜೀವ ಹೋದೀತು ಅಂತಲೇ ನಾನು ತಿಳಿದೆ, ನಾಗರತ್ನಾ. ಅವಳು ಅವನನ್ನು ಮುಂದಕ್ಕೆ ಬಾಗಿಸಿ, ಎರಡೂ ಕೈ ಮೊಣಕಾಲಿನ ಮೇಲೆ ಊರಿಸಿ, ಔಷಧಿಯ ಪಂಪು ಬಾಯಿಗೆ ಇಟ್ಟಳು. “ಊದ್ರಿ ಅಬ್ಬಾ, ಚಾ ಊದ್ರಿ, ಸಣ್ಣಗ” ಅಂದಳು. ಆಗಲೂ ಅವಳ ದನಿ ಏರಲಿಲ್ಲ. ಕಾಲು ಗಂಟೆಗೆ ತುಟಿಗೆ ಬಣ್ಣ ಮರಳಿತು. “ನೀ ಹೇಳೂತನಕಾ ಹಿಡದೆ ಬೇಟಿ” ಅಂದ, ಏನೋ ಸಾಧಿಸಿದವನ ಹಾಗೆ.

ಅವಳು ಅಲ್ಲೇ ಕೂತು ಸೆಕೆಂಡು ಎಣಿಸಿದಳು. ಎರಡು ಇರಬೇಕಾದಲ್ಲಿ ಒಂಬತ್ತು! ಮತೀನನಿಗೆ ಫೋನು ಹಚ್ಚಿದಳು.

“ಆಪಾ, ಕೆರಿ ಭಾಳ ಚಲೋ ಬಂದಿತ್ತು, ಅದನ್ನ ನಿಧಾನ ಓಡಿಸಿದೆ. ವಿಡಿಯೋ ಉದ್ದ ಆತು, ನಿಮ್ಮ ಮಾತು ಸಾಲಲಿಲ್ಲ. ನಡುನಡುವಿನ ಜಾಗಾ ಜಗ್ಗಿ ಕೂಡಿಸಿದೆ. ಧ್ಯಾನ ಅಂದ್ರ ನಿಧಾನ ಇರಬೇಕಲ್ರಿ?”

ಅವಳು ಬೈಯಲಿಲ್ಲ. “ಹದಿನಾಲ್ಕು ಮಂದಿ, ಮತೀನ” ಅಂದಳು, ಅಷ್ಟೇ.

ಗುಂಪಿನಿಂದ ವಿಡಿಯೋ ಅಳಿಸಿದಳು. ಆದರೆ ಆಗಲೇ ಕೆಲವರು ಇಳಿಸಿಕೊಂಡು ತಮ್ಮ ಫೋನಿನಲ್ಲಿ ಬೇರೆ ಕಡೆ ಇಟ್ಟುಕೊಂಡಿದ್ದರು. ಒಬ್ಬೊಬ್ಬರಿಗೇ ಫೋನು ಹಚ್ಚುತ್ತ ಹೋದಳು. ಒಬ್ಬನಿಗೆ ತಲೆ ತಿರುಗಿತ್ತಂತೆ, ಒಬ್ಬ ಇನ್ನೂ ನೋಡಿರಲಿಲ್ಲ. ರಾಮಥಾಳದ ಈರಪ್ಪ ಮಾತ್ರ ಎಷ್ಟು ಸಲ ಹಚ್ಚಿದರೂ ಎತ್ತಲಿಲ್ಲ. ಒಬ್ಬಂಟಿ ಮನುಷ್ಯ. ಎದೆ ಎಲ್ಲರಿಗಿಂತ ಕೆಟ್ಟದ್ದು ಅವನದೇ.

ಅಪ್ಪನ ಬಳಿ ನನ್ನನ್ನು ಕೂರಿಸಿ, ಮತೀನನ ಬೈಕಿನ ಹಿಂದೆ ಕೂತು ಹೋದಳು. ಮುಂದಿನದು ಅವಳು ಹೇಳಿದ್ದು. ಈರಪ್ಪನ ಬಾಗಿಲು ಮುಂದಕ್ಕೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗಿನಿಂದ ಅವಳದೇ ದನಿ ಕೇಳುತ್ತಿತ್ತು: “ಅಂಜಬ್ಯಾಡ್ರಿ, ನೀರ ನೋಡ್ರಿ...” ಇವಳು “ಈರಪ್ಪಣ್ಣಾ!” ಅಂದರೆ ಉತ್ತರವಿಲ್ಲ. ಮತ್ತೆ ಒಳಗಿನಿಂದ, “ಉಸುರು ತಗೋರಿ.” ಬಾಗಿಲು ನೂಕಲು ಅವಳ ಕೈ ಏಳಲಿಲ್ಲವಂತೆ. ತನ್ನ ದನಿ ಹೆಣದ ಮುಂದೆ ಮಾತಾಡುತ್ತಿದೆ ಅನ್ನಿಸಿತಂತೆ. ಕೊನೆಗೆ ಬಾಗಿಲು ನೂಕಿದವನು ಮತೀನ.

ಈರಪ್ಪ ಹಿತ್ತಲಿನಲ್ಲಿ ಎಮ್ಮೆಗೆ ನೀರು ತೋರಿಸುತ್ತಿದ್ದ! ಫೋನು ಹಾಸಿಗೆಯ ಮೇಲೆ ತಾನೇ ಹಾಡಿಕೊಂಡಿತ್ತು.

“ನೀವು ಉಸುರು ಹಿಡೀಲಿಲ್ಲೇನ್ರಿ?”

“ಒಂದ್ ಸಲ ಹಿಡದೆವಾ. ಈ ಹುಡುಗಿ ‘ಬಿಡ್ರಿ’ ಅನ್ನೂದು ಮರತಾಳ ಅಂತ ನಾನ ಬಿಟ್ಟೆ. ನನ್ನ ಉಸುರಿಗೆ ಯಾರ ಅಪ್ಪಣಿ ಬೇಕ?”

ಅವಳು ಆ ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅತ್ತಳಂತೆ. ಅವಳು ಅತ್ತದ್ದನ್ನು ನಾನು ಎಂದೂ ಕಂಡಿಲ್ಲ.

ಹೊಸ ವಿಡಿಯೋದಲ್ಲಿ ಮೊದಲ ಮಾತೇ ಅದು: “ನನ್ನ ಮಾತಿಗೆ ಕಾಯಬ್ಯಾಡ್ರಿ, ಉಸುರು ನಿಮ್ಮದು. ಕಣ್ಣು ತೆರದಿಟ್ರೂ ನಡೀತದ.” ಮತೀನ ಈಗ ಮಾತಿನ ಅಳತೆಗೆ ಕೆರೆಯನ್ನು ಕತ್ತರಿಸಿದ್ದಾನೆ. ನರ್ಗೀಸ ಗಡಿಯಾರ ಹಿಡಿದು ಮೂರು ಸಲ ಪೂರ್ತಿ ಕೇಳಿದಳು, ನಾಚಿಕೆ ಬಿಟ್ಟು.

ಆದರೂ ಅವಳಿಗೆ ನಿದ್ದೆಯಿಲ್ಲ. ನಿನ್ನೆ ರಾತ್ರಿ ಗೊತ್ತಾಯಿತು, ಹದಿನಾಲ್ಕರಲ್ಲಿ ಒಬ್ಬ ಆ ಹಳೆಯದನ್ನು ಶಿರೂರಿನ ತನ್ನ ಅಕ್ಕ ದುರಗವ್ವನಿಗೆ ಕಳಿಸಿದ್ದನಂತೆ. ಅವಳಿಗೂ ದಮ್ಮು. ಅವಳ ನಂಬರು ಹತ್ತುವುದಿಲ್ಲ.

ಬರೆಯುವುದು ಸಾಕು, ಏಳು. ನರ್ಗೀಸ ಇವತ್ತು ದವಾಖಾನೆ ಬಿಟ್ಟು ಬರುವಂತಿಲ್ಲ, ಮಧ್ಯಾಹ್ನದ ಬಸ್ಸಿಗೆ ನೀನೇ ಶಿರೂರಿಗೆ ಹೋಗು. ದುರಗವ್ವನ ಫೋನಿನಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಹಾಕು. ಹಾಕಿ ಎದ್ದು ಬರಬೇಡ ಮತ್ತೆ. ಅವಳು ಒಮ್ಮೆ ಪೂರ್ತಿ ಕೇಳುವ ತನಕ ಎದುರಿಗೆ ಕೂತು ಅವಳ ತುಟಿಯನ್ನೇ ನೋಡುತ್ತಿರು.