ಎರಡನೇ ಪಾಳಿಯ ವಾರದ ನಿದ್ದೆ

ಬಾಗಲಗುಂಟೆಯ ಒಂದು ಸಣ್ಣ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಪಾಠ ಹೇಳುತ್ತಿದ್ದೆ. ನನಗೆ ಸಿಟ್ಟು ಸ್ವಲ್ಪ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿತ್ತು. ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರೆ ಇಡೀ ತರಗತಿ ಉಸಿರು ಬಿಗಿಹಿಡಿದು ಕೂರುತ್ತಿತ್ತು. ಒಬ್ಬಳನ್ನು ಬಿಟ್ಟು. ಅವಳು ಮೂರನೇ ಬೆಂಚಿನಲ್ಲಿ, ಗಲ್ಲಕ್ಕೆ ಕೈಯೂರಿ, ಕಣ್ಣು ತೆರೆದುಕೊಂಡೇ ನಿದ್ದೆ ಹೋಗಿರುತ್ತಿದ್ದಳು.

ಏಳು ವರ್ಷದ ಹುಡುಗಿ. ‘ಪುಸ್ತಕ ತೆಗೆ’ ಅಂದರೆ ಟಿಫನ್ ಡಬ್ಬಿ ತೆಗೆಯುತ್ತಿದ್ದಳು. ಕೂಡುವ ಲೆಕ್ಕ ಕೊಟ್ಟರೆ ಅರ್ಧದಲ್ಲಿ ಕಳೆಯಲು ಶುರು ಮಾಡುತ್ತಿದ್ದಳು. ಇನ್ನು ಕೆಲವು ದಿನ ತದ್ವಿರುದ್ಧ: ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಪಕ್ಕದವಳ ಪೆನ್ಸಿಲ್ ಕಿತ್ತುಕೊಳ್ಳುತ್ತಿದ್ದಳು, ಸುಮ್ಮಸುಮ್ಮನೆ ಅಳುತ್ತಿದ್ದಳು. ಇವಳು ಬೇಕಂತಲೇ ಮಾಡುತ್ತಾಳೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ‘ಗಮನವಿಲ್ಲ, ಸೋಮಾರಿತನ ಹೆಚ್ಚು’ ಎಂದು ಬರೆದೆ. ಆ ಸಾಲನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಮ್ಮ ಶಾಲೆಯಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹಿಂದೆ ಬಿದ್ದ ಮಕ್ಕಳನ್ನು ಬಿ ಸೆಕ್ಷನ್ನಿಗೆ ಕಳಿಸುವ ಪದ್ಧತಿಯಿತ್ತು. ಹೆಸರಿಗೆ ‘ವಿಶೇಷ ಗಮನ’. ಆದರೆ ಅದು ದಡ್ಡರ ಸೆಕ್ಷನ್ ಎಂದು ಎಲ್‌ಕೆಜಿ ಮಕ್ಕಳಿಗೂ ಗೊತ್ತಿತ್ತು. ಒಮ್ಮೆ ಅಲ್ಲಿಗೆ ಹೋದವರು ಹತ್ತನೇ ತರಗತಿಯವರೆಗೂ ಬಿ ಸೆಕ್ಷನ್ನಿನವರೇ. ‘ಆ ಹುಡುಗಿಯ ಹೆಸರು ಬರ್ಕೊಳ್ಳಲಾ?’ ಎಂದು ಹೆಡ್‌ಮಿಸ್ ಕೇಳಿದಾಗ, ‘ನೋಡೋಣ ಮೇಡಂ, ಪರೀಕ್ಷೆ ಆಗ್ಲಿ’ ಎಂದೆ. ಕರುಣೆಯಿಂದೇನೂ ಅಲ್ಲ. ಅವಳು ಕೆಲವೊಮ್ಮೆ ಫಟಾಫಟ್ ಉತ್ತರ ಹೇಳಿ ನನ್ನನ್ನು ಗಲಿಬಿಲಿಗೊಳಿಸುತ್ತಿದ್ದಳು. ದಡ್ಡಿಯಾದರೆ ದಿನವೂ ದಡ್ಡಿಯಾಗಿರಬೇಕು ತಾನೆ?

ಆ ಸಮಯಕ್ಕೆ ಸರಿಯಾಗಿ ಮಕ್ಕಳ ಆರೋಗ್ಯ ತಪಾಸಣೆಗೆ ಡಾಕ್ಟರಮ್ಮ ಒಬ್ಬರು ಬಂದರು. ನಾನು ಇವಳನ್ನು ಮೊದಲು ನೂಕಿದೆ. ಕಣ್ಣು ಸರಿಯಿತ್ತು, ಕಿವಿ ಸರಿಯಿತ್ತು, ರಕ್ತಹೀನತೆಯ ಲಕ್ಷಣವೂ ಕಾಣಲಿಲ್ಲ. ಡಾಕ್ಟರಮ್ಮ ನನ್ನ ಕಡೆ ತಿರುಗಿ, ‘ರಾತ್ರಿ ಎಷ್ಟ್ ಗಂಟೆಗೆ ಮಲಗ್ತಾಳೆ, ಕೇಳಿದೀರಾ?’ ಎಂದರು. ಕೇಳಿರಲಿಲ್ಲ. ಈ ವಯಸ್ಸಿನ ಮಗುವಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟ ಮಕ್ಕಳೆಲ್ಲ ತೂಕಡಿಸುವುದಿಲ್ಲ, ಎಷ್ಟೋ ಮಕ್ಕಳು ಕುಣಿದಾಡುತ್ತವೆ, ರಚ್ಚೆ ಹಿಡಿಯುತ್ತವೆ ಎಂದು ಹೇಳಿ ಅವರು ಮುಂದಿನ ಮಗುವಿನ ಬಾಯಿ ತೆರೆಸಿದರು.

ಅಂದಿನಿಂದ ನಾನು ಪತ್ತೇದಾರಿಣಿಯಾದೆ. ಹಾಜರಿ ಪುಸ್ತಕದಲ್ಲಿ ಅವಳು ತೂಕಡಿಸಿದ ದಿನ ಪೆನ್ಸಿಲ್ಲಿನಿಂದ ಒಂದು ಚುಕ್ಕಿ ಇಡುತ್ತಾ ಬಂದೆ. ಆರು ವಾರ ಕಳೆದು ನೋಡಿದರೆ ಚುಕ್ಕಿಗಳು ರಂಗೋಲಿ ಹಾಕಿದಂತೆ ಕೂತಿದ್ದವು. ಎರಡು ವಾರ ಹೆಚ್ಚುಕಡಿಮೆ ಖಾಲಿ, ಮೂರನೇ ವಾರ ಚುಕ್ಕಿಯೋ ಚುಕ್ಕಿ. ಆ ಕೆಟ್ಟ ವಾರದಲ್ಲೂ ಸೋಮವಾರ ಪರವಾಗಿಲ್ಲ, ಗುರುವಾರದ ಹೊತ್ತಿಗೆ ಮಗು ಬೆಂಚಿನ ಮೇಲೆ ಕರಗಿಹೋಗಿರುತ್ತಿತ್ತು. ಅದರ ಮುಂದಿನ ಸೋಮವಾರ, ಮಂಗಳವಾರಕ್ಕೂ ಮಂಪರು ಉಳಿದಿರುತ್ತಿತ್ತು. ಮೂರು ವಾರಕ್ಕೊಮ್ಮೆ ಬರುವ ಕಾಯಿಲೆ ಯಾವುದಪ್ಪಾ ಎಂದು ನಾನು ತಲೆ ಕೆರೆದುಕೊಂಡೆ. ಕಾರ್ಖಾನೆಗಳೇ ತುಂಬಿದ ಪೀಣ್ಯದ ಪಕ್ಕದಲ್ಲಿ ಹನ್ನೊಂದು ವರ್ಷ ಬದುಕಿದವಳಿಗೆ ಅದು ತಕ್ಷಣ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮುಂದಿನ ಪೋಷಕರ ಸಭೆಯಲ್ಲಿ ನಿದ್ದೆಯ ಬಗ್ಗೆಯೇ ಮಾತಾಡುತ್ತೇನೆ ಎಂದು ಹೆಡ್‌ಮಿಸ್ ಅನುಮತಿ ಪಡೆದೆ. ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ. ಕ್ಯಾಬ್ ಓಡಿಸುವವರು, ಗಾರ್ಮೆಂಟ್ಸಿನವರು, ಲೇತ್ ಮೆಷಿನ್ನಿನವರು ಎಲ್ಲ ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. ದಿನವೂ ಒಂದೇ ಹೊತ್ತಿಗೆ ಮಲಗಿಸಿ, ಒಂದೇ ಹೊತ್ತಿಗೆ ಎಬ್ಬಿಸಿ, ಭಾನುವಾರವೂ ತೀರಾ ಬದಲಾಯಿಸಬೇಡಿ, ಮಲಗುವ ಒಂದು ಗಂಟೆ ಮುಂಚೆ ಟಿವಿ ಮೊಬೈಲು ಬೇಡ, ಸಂಜೆ ಮೇಲೆ ಕಾಫಿ ಟೀ ಬೇಡ. ಐದು ನಿಮಿಷವಾಗಿರಬೇಕು, ಕ್ಯಾಬ್ ಓಡಿಸುವವರು ಒಂದು ದೊಡ್ಡ ಆಕಳಿಕೆ ಬಿಟ್ಟರು. ಅದು ಪಕ್ಕದವರಿಗೆ ಹತ್ತಿತು, ಅಲ್ಲಿಂದ ಹಿಂದಿನ ಸಾಲಿಗೆ. ಕೊನೆಗೆ ನನಗೂ ಬಂತು. ಹಿಂದಿನ ರಾತ್ರಿ ಹನ್ನೆರಡರವರೆಗೆ ಮೊಬೈಲಿನಲ್ಲಿ ಧಾರಾವಾಹಿ ನೋಡಿದ ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ‘ಶಿಸ್ತು ಬಹಳ ಮುಖ್ಯ’ ಎಂದೆ.

ಸಭೆ ಮುಗಿದ ಮೇಲೆ ಹುಡುಗಿಯ ಅಪ್ಪ ಅಮ್ಮನನ್ನು ನಿಲ್ಲಿಸಿಕೊಂಡೆ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುವಾಕೆ. ಅಪ್ಪ ಕಾರ್ಖಾನೆಯ ನೀಲಿ ಶರ್ಟು ಹಾಕಿಕೊಂಡೇ ಬಂದಿದ್ದರು, ಮಧ್ಯಾಹ್ನ ಎರಡಕ್ಕೆ ಪಾಳಿ. ನಾನು ಚುಕ್ಕಿಗಳನ್ನು ತೋರಿಸಿದೆ. ಅಪ್ಪ ಒಂದೇ ನೋಟಕ್ಕೆ, ‘ಇದು ನನ್ ಶಿಫ್ಟ್ ಚಾರ್ಟ್ ಅಲ್ವಾ ಮೇಡಂ?’ ಎಂದರು.

ನನ್ನ ಆರು ವಾರದ ಪತ್ತೇದಾರಿಕೆ ಅಲ್ಲಿಗೆ ಮುಗಿಯಿತು. ಒಂದು ವಾರ ಮೊದಲ ಪಾಳಿ, ಒಂದು ವಾರ ಎರಡನೆಯದು, ಒಂದು ವಾರ ರಾತ್ರಿಯದು. ಚುಕ್ಕಿಗಳು ಬಹುಪಾಲು ಎರಡನೇ ಪಾಳಿಯ ವಾರಗಳಲ್ಲಿ. ಆ ವಾರ ಅವರು ಮನೆ ಸೇರುವಾಗ ಹನ್ನೊಂದಾಗುತ್ತದೆ.

‘ಮಗು ಅಲ್ಲಿವರ್ಗೂ ಎದ್ದಿರ್ತಾಳಾ?’ ಎಂದೆ.

‘ಎದ್ದಿರ್ತಾಳೆ ಮೇಡಂ. ಮಲಗಿದ್ರೆ ನಾನೇ ಎಬ್ಬಿಸ್ತೀನಿ’ ಎಂದರು ಅಮ್ಮ, ಒಳ್ಳೆಯ ಸುದ್ದಿ ಹೇಳುವವರ ಹಾಗೆ. ‘ಅಪ್ಪನ ಜೊತೆ ಎರಡು ತುತ್ತು ಉಣ್ಲಿ ಅಂತ. ಮಲಗೋದು ಹನ್ನೆರಡಾಗತ್ತೆ. ಆದ್ರೆ ಸ್ಕೂಲಿಂದ ಬಂದು ನಾಲ್ಕೂವರೆಯಿಂದ ಏಳರವರ್ಗೂ ಮಲಗಿಸ್ಬಿಡ್ತೀನಿ. ಲೆಕ್ಕ ಸರಿ ಹೋಗತ್ತಲ್ಲ?’

‘ನಿದ್ದೆ ಏನು ಚೀಟಿ ಕಂತೇನ್ರೀ, ಅಷ್ಟಷ್ಟು ಕಟ್ಟೋಕೆ?’ ಎಂದು ನಾನು ಕನ್ನಡಕ ತೆಗೆದೆ. ಸಂಜೆ ಅಷ್ಟು ಉದ್ದ ಮಲಗಿದರೆ ರಾತ್ರಿಯ ನಿದ್ದೆ ಇನ್ನಷ್ಟು ದೂರ ಓಡುತ್ತದೆ. ತುಂಡು ನಿದ್ದೆ ರಾತ್ರಿಯ ಪೂರ್ತಿ ನಿದ್ದೆಗೆ ಸಮವಲ್ಲ. ವಾರಕ್ಕೊಂದು ವೇಳೆಯಾದರೆ ಮಗುವಿನ ಮೈಗೆ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದೇ ತಿಳಿಯುವುದಿಲ್ಲ. ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ಇಷ್ಟೂ ಹೇಳಿ, ಗೊರಕೆ ಹೊಡೆಯುತ್ತಾಳಾ, ಬಾಯಲ್ಲಿ ಉಸಿರಾಡುತ್ತಾಳಾ, ಹಾಗಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂದೂ ಕೇಳಿದೆ. ಅದೇನೂ ಇರಲಿಲ್ಲ. ‘ಹಂಗಾದ್ರೆ ಒಂಬತ್ತಕ್ಕೆ ಮಲಗಿಸ್ಬೇಕು. ಇಲ್ಲಾಂದ್ರೆ ಬಿ ಸೆಕ್ಷನ್ನಿಗೆ ಹೋಗ್ತಾಳೆ’ ಎಂದು ಹೆದರಿಸಿದೆ.

ಅಪ್ಪ ತಲೆಯಾಡಿಸಿದರು. ‘ಆಯ್ತು ಮೇಡಂ, ಒಂಬತ್ತಕ್ಕೆ ಮಲಗಿಸೋಣ. ಆ ವಾರ ನಾನು ಮಗೂನ ನೋಡೋದ್ ಯಾವಾಗ?’

ಅವರು ದನಿ ಏರಿಸಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ, ಬರೀ ಕೇಳಿದ್ದರು. ನಾನು ಕನ್ನಡಕವನ್ನು ಮತ್ತೆ ಹಾಕಿಕೊಂಡೆ. ಮಗುವಿನ ನಿದ್ದೆ ಕದಿಯುತ್ತಿರುವ ಅಪರಾಧಿಯನ್ನು ಹಿಡಿಯಲು ಹೊರಟವಳಿಗೆ, ಮಗಳ ಜೊತೆ ಎರಡು ತುತ್ತು ಉಣ್ಣುವ ಆಸೆಯ ಮನುಷ್ಯ ಸಿಕ್ಕಿದ್ದ. ನಿಜವಾಗಿಯೂ ಬೇಸರವಾಯಿತು.

‘ಬೆಳಗ್ಗೆ ನೀವು ಏಳೋದು ಎಷ್ಟಕ್ಕೆ?’ ಎಂದು ಕೇಳಿದೆ.

‘ಒಂಬತ್ತೂವರೆ. ಅವಳು ಎಂಟೂಕಾಲಿಗೇ ಹೊರಟ್ಬಿಟ್ಟಿರ್ತಾಳೆ.’

‘ಏಳಕ್ಕೆ ಎದ್ದು, ಅವಳ ಜೊತೆ ತಿಂಡಿ ತಿಂದು, ಇಲ್ಲಿ ಬಿಟ್ಟು ಹೋಗಿ ಮತ್ತೆ ಮಲಗಿದ್ರೆ?’

‘ಅಯ್ಯೋ ಮೇಡಂ, ಅಷ್ಟೊತ್ತಿಗೆ ಕಣ್ಣೇ ಬಿಡೋಕಾಗಲ್ಲ’ ಎಂದರು ಅವರು.

ಅಮ್ಮ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ‘ಏಳು ವರ್ಷದ ಮಗೂನ ಹನ್ನೊಂದು ಗಂಟೆಗೆ ಎಬ್ಬಿಸಬೌದು, ನಿಮ್ಮನ್ನ ಏಳಕ್ಕೆ ಎಬ್ಬಿಸಬಾರ್ದಾ ರೀ?’

ಅಪ್ಪ ನಕ್ಕುಬಿಟ್ಟರು. ನಾನೂ ನಕ್ಕೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಏನೂ ತಿಳಿಯದೆ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮೊದಲ ವಾರ ಸೋಲು. ನಾಲ್ಕನೇ ದಿನ ಅಮ್ಮ ಗೇಟಿನ ಹತ್ತಿರ ನನ್ನನ್ನು ತಡೆದರು. ‘ನಿಮ್ ಒಂಬತ್ತು ಗಂಟೆ ನನ್ ಪ್ರಾಣ ತಿಂತಿದೆ ಮೇಡಂ. ಚಾವಣಿ ನೋಡ್ಕೊಂಡು ಬಿದ್ದಿರ್ತಾಳೆ, ಅಪ್ಪ ನೈಟ್ ಶಿಫ್ಟಿಗೆ ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಸ್ಪ್ರಿಂಗ್ ಥರ ಎದ್ದು ಕೂರ್ತಾಳೆ!’ ಹನ್ನೆರಡರ ಅಭ್ಯಾಸವನ್ನು ಒಂದೇ ಏಟಿಗೆ ಒಂಬತ್ತಕ್ಕೆ ಎಳೆಯುವುದು ನನ್ನದೇ ಅವಸರ. ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಬೆಳಗ್ಗೆ ಏಳುವ ಹೊತ್ತನ್ನು ಬದಲಿಸಬೇಡಿ, ಸಂಜೆಯ ನಿದ್ದೆ ನಿಲ್ಲಿಸಿ, ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಹಿಂದಕ್ಕೆ ತನ್ನಿ ಎಂದರು. ದಿನವೂ ಒಂದೇ ಕ್ರಮ: ಊಟ, ಮುಖ ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಒಂದು ಕಥೆ, ದೀಪ ಆರಿಸುವುದು.

ಒಂದೇ ಕೋಣೆಯ ಮನೆ. ದೀಪ ಆರಿಸಿದರೆ ಹೊಲಿಗೆ ನಿಲ್ಲುತ್ತದೆ. ಅಮ್ಮ ಹಳೆಯ ಸೀರೆಯನ್ನು ಪರದೆ ಕಟ್ಟಿ ಮೆಷಿನ್ನನ್ನು ಅಡುಗೆಯ ಮೂಲೆಗೆ ಎಳೆದರಂತೆ. ಒಂಬತ್ತರ ಮೇಲೆ ಮೆಷಿನ್ ತುಳಿಯದೆ, ಗುಂಡಿ ಹಾಕುವುದು, ಹೆಮ್ಮಿಂಗ್ ಮಾಡುವುದು ಅಷ್ಟೇ. ಅಪ್ಪ ಎರಡನೇ ಪಾಳಿಯ ವಾರಗಳಲ್ಲಿ ಬೀದಿಯ ತಿರುವಿನಲ್ಲೇ ಗಾಡಿ ಆಫ್ ಮಾಡಿ ಮನೆವರೆಗೆ ತಳ್ಳಿಕೊಂಡು ಬರುತ್ತಿದ್ದರು. ಎದುರು ಮನೆಯವರು ಪೆಟ್ರೋಲ್ ಖಾಲಿಯೇ ಎಂದು ಎರಡು ಸಲ ಕೇಳಿದರಂತೆ.

ಮುಂದಿನ ಎರಡನೇ ಪಾಳಿಯ ವಾರದಲ್ಲಿ ಮೂರೇ ಚುಕ್ಕಿ. ಅದರ ಮುಂದಿನದರಲ್ಲಿ ಒಂದೂ ಇಲ್ಲ. ಹುಡುಗಿ ರಾತ್ರೋರಾತ್ರಿ ಬುದ್ಧಿವಂತೆಯೇನೂ ಆಗಲಿಲ್ಲ. ಒತ್ತಕ್ಷರಗಳು ಹಾಗೆಯೇ ಹಾರಿಹೋಗುತ್ತಿದ್ದವು. ಆದರೆ ಕೂಡುವ ಲೆಕ್ಕ ಕೊನೆಯವರೆಗೂ ಕೂಡುವ ಲೆಕ್ಕವಾಗಿಯೇ ಉಳಿಯಿತು. ಅರ್ಧವಾರ್ಷಿಕದಲ್ಲಿ ತರಗತಿಯ ಮಧ್ಯದಲ್ಲಿ ಎಲ್ಲೋ ಬಂದಳು. ಹೆಡ್‌ಮಿಸ್ ಪಟ್ಟಿ ಕೇಳಿದಾಗ ‘ಅವಳು ನನ್ನ ತರಗತಿಯಲ್ಲೇ ಇರ್ತಾಳೆ’ ಎಂದೆ. ಗೆದ್ದ ಖುಷಿಯಲ್ಲಿ ಅಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬಾದಾಮಿ ಹಾಲು ತರಿಸಿದೆ.

ಹೊಸ ತೊಂದರೆ ಶುರುವಾದದ್ದು ಆಮೇಲೆ. ಈಗ ಅವಳು ಬಾಯಿ ಮುಚ್ಚುತ್ತಿರಲಿಲ್ಲ. ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಅವಳದೇ ವಾರ್ತಾಪ್ರಸಾರ. ಮೂರು ಸಲ ಜಾಗ ಬದಲಿಸಿದೆ, ಮೂರು ಕಡೆಯೂ ಹೊಸ ಗೆಳತಿಯರಾದರು. ಒಂದು ಬೆಳಗ್ಗೆ ಗೇಟಿನಲ್ಲಿ ಅವಳ ಅಪ್ಪ ಸಿಕ್ಕರು. ತಲೆ ಬಾಚಿರಲಿಲ್ಲ, ಕಣ್ಣು ಇನ್ನೂ ಅರ್ಧ ಮುಚ್ಚಿತ್ತು, ಮಗಳಿಗೆ ಅವರೇ ಹಾಕಿದ ಜಡೆ ಒಂದು ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ದೂರು ಹೇಳಲು ಇದೇ ಸಮಯ ಎಂದು ನಾನು ಹೇಳಿದೆ: ‘ನಿಮ್ಮ ಮಗಳು ಮಾತು ಜಾಸ್ತಿ.’

ಅವರ ಕಣ್ಣು ಪೂರ್ತಿ ತೆರೆಯಿತು. ‘ನಿಮಗೂ ಹೇಳ್ತಾಳಾ ಮೇಡಂ?’ ಎಂದರು. ‘ದಾರಿಯುದ್ದಕ್ಕೂ ಮಾತೇ ಮಾತು. ರಾತ್ರಿ ಹೊತ್ತು ನನ್ ಪಕ್ಕ ಸುಮ್ನೆ ಕೂತಿರೋಳು, ಏನ್ ಕೇಳಿದ್ರೂ ಹ್ಞೂಂ ಅನ್ನೋಳು ಅಷ್ಟೇ. ಇಷ್ಟ್ ದಿನ ನಾನು, ನನ್ ಮಗಳು ಮಾತು ಕಮ್ಮಿ ಹುಡುಗಿ ಅಂತಾನೇ ಅನ್ಕೊಂಡಿದ್ದೆ.’